ಹಪ್ಪಳದ ಬಾಡಿಗೆಯನ್ನು ಚಟ್ನಿಪುಡಿ ಕಟ್ಟುತ್ತಿದೆಯೇ?

ಪ್ರಶ್ನೆ: ನಾವು ತಿಂಗಳಿಗೆ 300 ಕಿಲೋ ಚಟ್ನಿಪುಡಿ, 100 ಕಿಲೋ ಹಪ್ಪಳ ಮಾಡುತ್ತೇವೆ. ಬಾಡಿಗೆ 12,000, ಕರೆಂಟು 4,000, ಕೂಲಿ 24,000 ರೂಪಾಯಿ. ಒಟ್ಟು 40,000ವನ್ನು 400 ಕಿಲೋಗೆ ಹಂಚಿ, ಕಿಲೋಗೆ 100 ರೂಪಾಯಿ ಹಾಕಿದ್ದೇವೆ. ಹಪ್ಪಳ ಚೆನ್ನಾಗಿ ಹೋಗುತ್ತಿದ್ದರೂ ಕೈಯಲ್ಲಿ ದುಡ್ಡು ಉಳಿಯುತ್ತಿಲ್ಲ. ಯಾಕೆ?

ಉತ್ತರ: ತೂಕ ನೋಡಿ ಹಂಚಿದ್ದೇ ತಪ್ಪಾಯಿತು. ಬಾಡಿಗೆ ಕೊಡುವುದು ಜಾಗಕ್ಕೆ, ತೂಕಕ್ಕಲ್ಲ. ಹಪ್ಪಳ ಒಣಗಿಸಲು ಮುಕ್ಕಾಲು ಜಾಗ ಬೇಕೆಂದುಕೊಳ್ಳಿ; 9,000 ಅದರ ಪಾಲು. ಕೂಲಿಯನ್ನು ದುಡಿದ ಗಂಟೆಯ ಮೇಲೆ ಹಂಚಬೇಕು. ಒಂದು ವಾರ ಯಾರು ಯಾವುದಕ್ಕೆ ಎಷ್ಟು ಹೊತ್ತು ಕೂತರೆಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಲಟ್ಟಿಸುವುದು, ಒಣಗಿಸುವುದು, ಕಟ್ಟುವುದು ಸೇರಿ ಮೂರರಲ್ಲಿ ಎರಡು ಪಾಲು ಹಪ್ಪಳಕ್ಕೆ ಹೋದರೆ ಅದು 16,000. ಕರೆಂಟಿನದು ಉಲ್ಟಾ: ಪುಡಿ ಮಾಡುವ ಯಂತ್ರವೇ ಹೆಚ್ಚು ತಿನ್ನುತ್ತದೆ. ಯಂತ್ರ ಹಾಕುವ ಮೊದಲು, ನಿಲ್ಲಿಸಿದ ಮೇಲೆ ಮೀಟರ್ ನೋಡಿದರೆ ಗೊತ್ತಾಗುತ್ತದೆ. ಹಪ್ಪಳಕ್ಕೆ 1,000 ಇಡೋಣ.

ಹಪ್ಪಳದ ಹೊರೆ 26,000; ಕಿಲೋಗೆ 260. ಚಟ್ನಿಪುಡಿಗೆ ಉಳಿದ 14,000. ಕಿಲೋಗೆ ಸುಮಾರು 47. ಅಂದರೆ ಪ್ರತಿ ಕಿಲೋ ಹಪ್ಪಳಕ್ಕೆ 160 ರೂಪಾಯಿ ಕಡಿಮೆ ಲೆಕ್ಕ ಹಾಕಿ ಮಾರುತ್ತಿದ್ದೀರಿ. ಚಟ್ನಿಪುಡಿಯನ್ನು ವಿನಾಕಾರಣ ದುಬಾರಿ ಮಾಡಿ ಗಿರಾಕಿ ಕಳೆದುಕೊಂಡಿರಲೂಬಹುದು.

ಹಾಗೆಂದು ಹಪ್ಪಳವನ್ನು ನಾಳೆಯೇ ನಿಲ್ಲಿಸಬೇಡಿ. ನಿಲ್ಲಿಸಿದರೂ ಚಿಕ್ಕ ಜಾಗಕ್ಕೆ ಹೋಗುವವರೆಗೆ ಆ 9,000 ಬಾಡಿಗೆ ಕಟ್ಟಲೇಬೇಕು, ಅದು ಚಟ್ನಿಪುಡಿಯ ತಲೆಗೆ ಬರುತ್ತದೆ. ಮೊದಲು ಹಪ್ಪಳದ ಬೆಲೆ ಏರಿಸಿ ನೋಡಿ.