ಬಿಗಿ ಪತ್ರಕ್ಕೆ ಆತ್ಮೀಯ ಧಾಟಿ

ನೀರಿನ ಬಾಕಿ ಕುರಿತು ನಿವಾಸಿಗಳಿಗೆ ಹೋಗುವ ಪತ್ರ ಔಪಚಾರಿಕವಾಗಿರಲಿ ಎಂದು ವಸತಿ ಸಂಘದ ಕಾರ್ಯದರ್ಶಿ ಮೊದಲು ತಿಳಿಸುತ್ತಾರೆ. ಕರಡು ಸಿದ್ಧವಾದ ಮೇಲೆ 'ಸ್ವಲ್ಪ ಆತ್ಮೀಯವಾಗಿರಲಿ' ಎಂಬ ಸಂದೇಶ ಬರುತ್ತದೆ. ಎರಡನೆಯ ಸೂಚನೆ ಮೊದಲನೆಯದನ್ನು ಪೂರ್ತಿ ಅಳಿಸುವುದಿಲ್ಲ. ತಾನು ಮುಟ್ಟಿದ ಭಾಗವನ್ನಷ್ಟೇ ಬದಲಿಸುತ್ತದೆ. ಇಲ್ಲಿ ಬದಲಾಗಬೇಕಾದದ್ದು ಧಾಟಿ. ಮೊತ್ತ, ಗಡುವು, ದಂಡ ಹಾಗೇ ಉಳಿಯಬೇಕು.

'ಬಾಕಿಯನ್ನು 10ನೇ ತಾರೀಕಿನೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ರೂ. 50 ದಂಡ ವಿಧಿಸಲಾಗುವುದು' ಎಂಬ ಸಾಲು 'ದಯವಿಟ್ಟು 10ನೇ ತಾರೀಕಿನೊಳಗೆ ಬಾಕಿ ಕಟ್ಟಿಬಿಡಿ, ತಡವಾದರೆ 50 ರೂಪಾಯಿ ದಂಡ ಸೇರುತ್ತದೆ' ಎಂದಾಗುತ್ತದೆ. ಆಜ್ಞೆಯ ಬಿಗಿ ಹೋಯಿತು, ಬಹುವಚನದ ಗೌರವ ಉಳಿಯಿತು. 'ಸಾಧ್ಯವಾದರೆ ಕಟ್ಟಿ' ಎಂದು ಬರೆದರೆ ಮಾತ್ರ ಗಡುವೇ ಸಡಿಲವಾಗುತ್ತದೆ. ಅದನ್ನು ಯಾರೂ ಕೇಳಿರಲಿಲ್ಲ.

ಆರಂಭಕ್ಕೊಂದು 'ನಮಸ್ಕಾರ' ಸೇರಿಸಿ ಉಳಿದದ್ದನ್ನು ಹಾಗೇ ಬಿಡುವುದು ಸೋಮಾರಿತನದ ದಾರಿ. ಗಟ್ಟಿಯಾಗಿ ಓದಿದರೆ ಸಿಕ್ಕಿಬೀಳುತ್ತದೆ: ಎರಡನೇ ಸಾಲಿಗೇ ಕಚೇರಿಯ ದನಿ ಮರಳಿರುತ್ತದೆ.

ಪತ್ರ ಮುಂದೆ ಕಾನೂನು ಕ್ರಮಕ್ಕೆ ದಾಖಲೆಯಾಗುವಂತಿದ್ದರೆ ಊಹೆ ಸಲ್ಲದು. ಔಪಚಾರಿಕ ನೋಟಿಸನ್ನು ಹಾಗೇ ಇಟ್ಟು, ಜೊತೆಗೊಂದು ಆತ್ಮೀಯ ಪತ್ರ ಲಗತ್ತಿಸಿದರೆ ಸಾಕೇ ಎಂದು ಕಾರ್ಯದರ್ಶಿಯನ್ನೇ ಕೇಳಬೇಕು.