ಅಡ್ಮಿಟ್ ಆಗದ ಕಾಯಿಲೆಗೆ ವಿಮೆ ಏಕಿಲ್ಲ?

ಬೀದಿನಾಯಿ ಕಚ್ಚಿದವರನ್ನು ಡಾಕ್ಟರು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಗಾಯ ತೊಳೆಸಿ, ಮೊದಲ ಚುಚ್ಚುಮದ್ದು ಕೊಟ್ಟು, ಉಳಿದವಕ್ಕೆ ದಿನಾಂಕ ಬರೆದು ಮನೆಗೆ ಕಳಿಸುತ್ತಾರೆ. ಖಾಸಗಿ ಆಸ್ಪತ್ರೆಯಾದರೆ ಇದಕ್ಕೇ ಸಾವಿರಾರು ರೂಪಾಯಿ ಆಗಬಹುದು. ಮನೆಯಲ್ಲಿ ಐದು ಲಕ್ಷದ ಆರೋಗ್ಯ ವಿಮೆ ಇದೆಯಲ್ಲ ಎಂದು ಆ ಬಿಲ್ಲುಗಳನ್ನು ಕಂಪನಿಗೆ ಕಳಿಸಿದರೆ, ಇದು ಹೊರರೋಗಿ ಚಿಕಿತ್ಸೆ, ಪಾಲಿಸಿಗೆ ಸೇರುವುದಿಲ್ಲ ಎಂಬ ಉತ್ತರ ಬರುವುದೇ ಹೆಚ್ಚು. ಮೋಸ ಹೋದೆವು ಎಂದು ಅನೇಕರಿಗೆ ಅನ್ನಿಸುತ್ತದೆ. ನಿಜಕ್ಕೂ ಆ ಪಾಲಿಸಿ ಮೊದಲಿನಿಂದಲೂ ಹೊತ್ತುಕೊಂಡಿದ್ದು ಆಸ್ಪತ್ರೆಯ ಹಾಸಿಗೆಯ ಖರ್ಚನ್ನು ಮಾತ್ರ. ಮಾರುವಾಗ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಮ್ಮ ದೇಶದ ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಒಳರೋಗಿ ಎನಿಸಿಕೊಳ್ಳಲು ಕನಿಷ್ಠ 24 ಗಂಟೆ ಸತತವಾಗಿ ಆಸ್ಪತ್ರೆಯಲ್ಲಿರಬೇಕು. ಡಯಾಲಿಸಿಸ್, ಕಣ್ಣಿನ ಪೊರೆ ಆಪರೇಷನ್, ಕಿಮೊಥೆರಪಿಯಂಥ ಡೇ ಕೇರ್ ಚಿಕಿತ್ಸೆಗಳು ಇದಕ್ಕೆ ಹೊರತು. ಡಾಕ್ಟರ ಕೋಣೆಯಲ್ಲಿ ತೋರಿಸಿಕೊಂಡು, ರಕ್ತ ಪರೀಕ್ಷೆ ಮಾಡಿಸಿ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡು ಮನೆಗೆ ಬಂದರೆ ಅದು ಓಪಿಡಿ. ಕ್ಲಿನಿಕ್ಕಿನಲ್ಲಿ ಎರಡು ಗಂಟೆ ಮಲಗಿಸಿ ಡ್ರಿಪ್ ಹಾಕಿದರೂ ಸಾಮಾನ್ಯವಾಗಿ ಅದು ಓಪಿಡಿಯೇ.

ಈ ಗೆರೆ ದಾಟಲು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ‘ಹೇಗೂ ಇನ್ಶೂರೆನ್ಸ್ ಇದೆಯಲ್ಲ, ಒಂದು ದಿನ ಅಡ್ಮಿಟ್ ಆಗಿಬಿಡಿ, ಎಲ್ಲ ಟೆಸ್ಟೂ ಮುಗಿಯುತ್ತೆ’ ಎಂದು ಹೇಳುವ ಆಸ್ಪತ್ರೆಗಳೂ ಉಂಟು. ಆದರೆ ಕೇವಲ ತಪಾಸಣೆಗಾಗಿ ದಾಖಲಾದರೆ ಹಣ ಕೊಡುವುದಿಲ್ಲ ಎಂಬ ನಿಯಮ ಪಾಲಿಸಿಯಲ್ಲೇ ಇರುತ್ತದೆ. ಡಿಸ್ಚಾರ್ಜ್ ಸಮರಿ ನೋಡಿದರೆ ಕಂಪನಿಯ ಡಾಕ್ಟರಿಗೆ ವಿಷಯ ತಿಳಿಯುತ್ತದೆ. ಸ್ಕ್ಯಾನು, ರಕ್ತ ಪರೀಕ್ಷೆ, ಮನೆಯಲ್ಲೇ ನುಂಗಬಹುದಾದ ಮಾತ್ರೆ ಇಷ್ಟೇ ಇದ್ದು, ಹಾಸಿಗೆಯಲ್ಲಿಟ್ಟೇ ಕೊಡಬೇಕಾದ ಚಿಕಿತ್ಸೆ ಇಲ್ಲದಿದ್ದರೆ ಕ್ಲೇಮ್ ಬೀಳುತ್ತದೆ. ಆಗ ಹೊರಗೆ ಮುಗಿಯುತ್ತಿದ್ದ ಪರೀಕ್ಷೆಗೆ ರೂಮಿನ ಬಾಡಿಗೆಯನ್ನೂ ಸೇರಿಸಿ ಕೈಯಿಂದ ಕಟ್ಟಬೇಕಾಗುತ್ತದೆ.

ಹೊರರೋಗಿ ಖರ್ಚಿನಲ್ಲಿ ಒಂದು ಪಾಲು ಮಾತ್ರ ಪಾಲಿಸಿಯೊಳಗೇ ಇದೆ. ಅನೇಕರು ಅದನ್ನು ಕೇಳುವುದೇ ಇಲ್ಲ. ಅಡ್ಮಿಟ್ ಆಗುವ ಮೊದಲಿನ ಮತ್ತು ನಂತರದ ಕೆಲವು ದಿನಗಳಲ್ಲಿ, ಅದೇ ಕಾಯಿಲೆಗೆ ಮಾಡಿದ ಡಾಕ್ಟರ ಫೀಸು, ಸ್ಕ್ಯಾನು, ಔಷಧದ ಖರ್ಚು ಸಿಗುತ್ತದೆ. ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಇದು ಮೊದಲಿನ 30 ದಿನ ಮತ್ತು ಡಿಸ್ಚಾರ್ಜಿನ ನಂತರದ 60 ದಿನ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು ಎನ್ನಿ. ಮೂರು ವಾರ ಮೊದಲು ಮಾಡಿಸಿದ ಅಲ್ಟ್ರಾಸೌಂಡಿನ ಬಿಲ್ಲೂ, ಆಮೇಲೆ ತೋರಿಸಿಕೊಳ್ಳಲು ಹೋದಾಗ ಕೊಟ್ಟ ಫೀಸೂ ಇದರೊಳಗೆ ಬರುತ್ತವೆ. ಆಸ್ಪತ್ರೆಯ ಬಿಲ್ ಕ್ಯಾಶ್‌ಲೆಸ್ ಆಗಿ ಮುಗಿದರೂ ಇವನ್ನು ಸಾಮಾನ್ಯವಾಗಿ ನಾವೇ ಬೇರೆಯಾಗಿ ಕಳಿಸಬೇಕು. ಚೀಟಿಗಳನ್ನು ಎಸೆದುಬಿಟ್ಟರೆ ಆ ಹಣ ಹೋದ ಹಾಗೆಯೇ.

ಹಾಗಾದರೆ ಉಳಿದ ಓಪಿಡಿಯನ್ನು ಕಂಪನಿಗಳು ಏಕೆ ಹೊರಗಿಟ್ಟವು? ಸಾವಿರ ಜನರಲ್ಲಿ ಈ ವರ್ಷ ಹೃದಯದ ಆಪರೇಷನ್ ಯಾರಿಗೆ ಬೇಕಾಗುತ್ತದೋ ಯಾರಿಗೂ ಗೊತ್ತಿಲ್ಲ. ಬೇಕಾಗುವವರು ಕೆಲವೇ ಮಂದಿ, ಖರ್ಚು ದೊಡ್ಡದು. ಹಾಗಾಗಿ ಸಾವಿರ ಜನರೂ ಸ್ವಲ್ಪ ಸ್ವಲ್ಪ ಹಣ ಹಾಕಿದರೆ ಆ ಕೆಲವರ ಭಾರ ಇಳಿಯುತ್ತದೆ. ಶೀತ, ಜ್ವರ, ಬಿಪಿ ಮಾತ್ರೆ, ಥೈರಾಯ್ಡ್ ಪರೀಕ್ಷೆಗಳ ವಿಷಯ ಹಾಗಲ್ಲ. ಇವು ಹೆಚ್ಚುಕಡಿಮೆ ಎಲ್ಲ ಮನೆಗೂ ಪ್ರತಿ ವರ್ಷ ಬರುವ ಖರ್ಚು. ಎಲ್ಲರಿಗೂ ಬಂದೇ ಬರುವ ಖರ್ಚನ್ನು ಹಂಚಿಕೊಂಡರೆ ಪ್ರತಿಯೊಬ್ಬರ ಪಾಲಿಗೂ ತಮ್ಮ ಖರ್ಚೇ ತಿರುಗಿ ಬರುತ್ತದೆ, ಜೊತೆಗೆ ಕಂಪನಿಯ ಕೆಲಸದ ವೆಚ್ಚವೂ ಸೇರುತ್ತದೆ. ಮುನ್ನೂರು ರೂಪಾಯಿಯ ಬಿಲ್ಲಿಗೂ ಕಾಗದ ನೋಡಬೇಕು, ನಿಜವೋ ಸುಳ್ಳೋ ಪರಿಶೀಲಿಸಬೇಕು, ಖಾತೆಗೆ ಹಣ ಹಾಕಬೇಕು. ಇದರ ಮೇಲೆ ಇನ್ನೊಂದು ತೊಡಕು: ಓಪಿಡಿ ಬೇಕೆಂದು ಮುಂದೆ ಬರುವವರಲ್ಲಿ ಈಗಾಗಲೇ ದಿನವೂ ಮಾತ್ರೆ ನುಂಗುತ್ತಿರುವವರೇ ಹೆಚ್ಚು. ಆರೋಗ್ಯವಾಗಿರುವವರು ಕೊಳ್ಳದೆ ಉಳಿದಷ್ಟೂ ಪ್ರೀಮಿಯಂ ಏರುತ್ತದೆ.

ಓಪಿಡಿ ಆ್ಯಡ್-ಆನ್ ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ. ಮೂಲ ಪಾಲಿಸಿಯ ಮೇಲೆ ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ವರ್ಷಕ್ಕೆ ಇಷ್ಟು ಎಂದು ಪ್ರತ್ಯೇಕ ಮೊತ್ತ ಸಿಗುತ್ತದೆ. ಕೆಲವು ಕಂಪನಿಗಳಲ್ಲಿ ನಾವು ಮೊದಲು ಖರ್ಚು ಮಾಡಿ, ಬಿಲ್ ಕಳಿಸಿ ಹಣ ವಾಪಸ್ ಪಡೆಯಬೇಕು. ಇನ್ನು ಕೆಲವಲ್ಲಿ ಮೊಬೈಲ್ ಆ್ಯಪಿನಲ್ಲಿ ಸಮಯ ಗೊತ್ತುಮಾಡಿ, ಅವರ ಪಟ್ಟಿಯಲ್ಲಿರುವ ಡಾಕ್ಟರು, ಲ್ಯಾಬು, ಔಷಧ ಅಂಗಡಿಗೇ ಹೋಗಬೇಕು. ಮೊತ್ತ ಹಿಗ್ಗಾಮುಗ್ಗಾ ಖರ್ಚಾಗದಿರಲಿ ಎಂದು ಫೀಸಿಗೆ ಇಷ್ಟು, ಪರೀಕ್ಷೆಗೆ ಇಷ್ಟು, ಔಷಧಕ್ಕೆ ಇಷ್ಟು ಎಂಬ ಒಳಮಿತಿಗಳನ್ನು ಹಾಕಿರುತ್ತಾರೆ. ಪ್ರತಿ ಬಿಲ್ಲಿನಲ್ಲೂ ನಮ್ಮ ಪಾಲು ಇಷ್ಟು ಎಂಬ ಕೋ-ಪೇ ಇರಬಹುದು. ಉಳಿದ ಹಣ ಬಹುತೇಕ ಮುಂದಿನ ವರ್ಷಕ್ಕೆ ಬರುವುದಿಲ್ಲ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಗಂಡನಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ಥೈರಾಯ್ಡ್. ಇಬ್ಬರ ಮಾತ್ರೆಗೆ ತಿಂಗಳಿಗೆ 1,400 ರೂಪಾಯಿ, ಅಂದರೆ ವರ್ಷಕ್ಕೆ 16,800. ಡಾಕ್ಟರ ಫೀಸು ನಾಲ್ಕು ಸಲಕ್ಕೆ 2,000, ಪರೀಕ್ಷೆಗಳಿಗೆ 3,500. ಒಟ್ಟು 22,300. ಇವರಿಗೆ 10,000 ರೂಪಾಯಿಯ ಓಪಿಡಿ ಆ್ಯಡ್-ಆನ್ 6,500 ರೂಪಾಯಿ ಪ್ರೀಮಿಯಮ್ಮಿಗೆ ಸಿಕ್ಕಿತು ಎಂದುಕೊಳ್ಳಿ. ಒಳಮಿತಿ ಫೀಸಿಗೆ 3,000, ಪರೀಕ್ಷೆಗೆ 3,000, ಔಷಧಕ್ಕೆ 4,000. ಎಲ್ಲದರಲ್ಲೂ ಶೇಕಡಾ 20 ಕೋ-ಪೇ. ಫೀಸಿನಲ್ಲಿ 1,600, ಪರೀಕ್ಷೆಯಲ್ಲಿ 2,800 ಸಿಗುತ್ತದೆ. ಔಷಧದಲ್ಲಿ ಕೋ-ಪೇ ಕಳೆದರೂ 13,440 ಉಳಿಯುತ್ತದೆ, ಆದರೆ ಮಿತಿಯ ದೆಸೆಯಿಂದ ಕೈಗೆ ಬರುವುದು 4,000 ಮಾತ್ರ. ಒಟ್ಟು 8,400. ಪ್ರೀಮಿಯಂ ಕಳೆದರೆ ಲಾಭ 1,900. ಅದೂ ಒಂದು ಬಿಲ್ಲೂ ತಪ್ಪದೆ ಹೋದರೆ. ಪಟ್ಟಿಯ ಲ್ಯಾಬು ಅವರ ಊರಿನಲ್ಲಿಲ್ಲದೆ ಪರೀಕ್ಷೆಯ ಹಣ ತಪ್ಪಿತೆನ್ನಿ, ಆಗ ಸಿಗುವುದು 5,600. ಕಟ್ಟಿದ ಪ್ರೀಮಿಯಮ್ಮಿಗಿಂತ 900 ಕಡಿಮೆ. ಹಳೆಯ ಕಾಯಿಲೆಗೆ ಕಾಯುವ ಅವಧಿ ಓಪಿಡಿಗೂ ಇದ್ದರೆ ಮೊದಮೊದಲ ವರ್ಷಗಳಲ್ಲಿ ಇಷ್ಟೂ ಸಿಗದಿರಬಹುದು. ಹಳೆಯ ಕಾಯಿಲೆಗೆ ಗರಿಷ್ಠ ಮೂರು ವರ್ಷದವರೆಗೆ ಕಾಯಿಸಲು ನಿಯಮ ಅವಕಾಶ ಕೊಟ್ಟಿದೆ.

ಬಿಲ್ ತಪ್ಪುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಔಷಧದ ಬಿಲ್ಲಿಗೆ ಡಾಕ್ಟರ ಚೀಟಿ ಜೊತೆಗಿಲ್ಲ, ಚೀಟಿಯಲ್ಲಿ ದಿನಾಂಕವಾಗಲಿ ಅವರ ನೋಂದಣಿ ಸಂಖ್ಯೆಯಾಗಲಿ ಇಲ್ಲ, ಫೀಸು ಕೊಟ್ಟದ್ದಕ್ಕೆ ರಸೀದಿಯೇ ಇಲ್ಲ. ನಮ್ಮ ಊರುಗಳ ಎಷ್ಟೋ ಕ್ಲಿನಿಕ್ಕುಗಳಲ್ಲಿ ಕೇಳದೆ ರಸೀದಿ ಕೊಡುವುದಿಲ್ಲ. ಹಳೆಯ ಚೀಟಿ ತೋರಿಸಿ ಆರು ತಿಂಗಳು ಅದೇ ಮಾತ್ರೆ ಕೊಳ್ಳುವ ಅಭ್ಯಾಸವೂ ಇಲ್ಲಿ ತೊಂದರೆ ಕೊಡುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ. ಐದು ಲಕ್ಷದ ಮೂಲ ಪಾಲಿಸಿಯನ್ನು ಹತ್ತು ಲಕ್ಷಕ್ಕೆ ಏರಿಸಲು ಸಾಲುವ ಹಣವನ್ನು ಓಪಿಡಿಗೆ ಹಾಕುವುದು ಸರಿಯಲ್ಲ, ಏಕೆಂದರೆ ಮನೆಯನ್ನು ಸಾಲಕ್ಕೆ ತಳ್ಳುವುದು ಐಸಿಯು ಬಿಲ್ಲು. ನೌಕರಿಯ ಕಡೆಯಿಂದ ಓಪಿಡಿ ಬಂದರೆ ಪೂರ್ತಿ ಬಳಸಿಕೊಳ್ಳಿ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಇಎಸ್‌ಐಗೆ ಸೇರಿದವರಿಗೆ ಡಿಸ್ಪೆನ್ಸರಿಯಲ್ಲಿ ತಪಾಸಣೆ, ಔಷಧ ಎರಡೂ ಸಿಗುತ್ತವೆ. ನಾಯಿ ಕಡಿತದ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದಿನದ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಮೇಲಿನ ಮನೆಗೆ ಆ್ಯಡ್-ಆನ್ ಕೊಡುವ 1,900ಕ್ಕಿಂತ ಹೆಚ್ಚು ಉಳಿಯಬಹುದು.

ಇಷ್ಟಾದ ಮೇಲೂ ಓಪಿಡಿ ಬೇಕೆನಿಸಿದರೆ ಏಜೆಂಟರನ್ನು ಮೂರು ಮಾತು ಕೇಳಿ: ಔಷಧಕ್ಕೆ ಒಳಮಿತಿ ಎಷ್ಟು, ನಮ್ಮ ಊರಿನಲ್ಲಿ ಯಾವ ಡಾಕ್ಟರು ಮತ್ತು ಲ್ಯಾಬು ಪಟ್ಟಿಯಲ್ಲಿವೆ, ಈಗಿರುವ ಕಾಯಿಲೆಗೆ ಎಂದಿನಿಂದ ಹಣ ಸಿಗುತ್ತದೆ. ಉತ್ತರ ಪಾಲಿಸಿಯ ಕಾಗದದಲ್ಲೇ ಇರಬೇಕು. ಬಾಯಿಮಾತಿನಲ್ಲಿ ಮಾತ್ರ ಇದ್ದರೆ ಹಣ ಕಟ್ಟಬೇಡಿ.