ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು: ಕೃಷಿ ಸಹಾಯವಾಣಿಯ ವಾರದ ಕರಡು

ಸಹಾಯವಾಣಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚು ಸಲ ಕೇಳಿಬಂದವನ್ನು ವಾರಕ್ಕೊಮ್ಮೆ ಆರಿಸಿ ಉತ್ತರಗಳ ಕರಡು ಸಿದ್ಧಪಡಿಸುವ ಕೆಲಸ ಕರೆಯ ದಾಖಲೆಯಿಂದ ಶುರುವಾಗುತ್ತದೆ. 2004ರ ಜನವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ ಇದಕ್ಕೆ ಒಳ್ಳೆಯ ಮಾದರಿ. 1800-180-1551ಕ್ಕೆ ರೈತರು ಕರೆ ಮಾಡಿದಾಗ ಜಿಲ್ಲೆ, ಬೆಳೆ, ಪ್ರಶ್ನೆ, ಕೊಟ್ಟ ಉತ್ತರ ಎಲ್ಲವೂ ದಾಖಲಾಗುತ್ತವೆ. ಪ್ರಶ್ನೆಯನ್ನು ರೈತರು ಕೇಳಿದ ಮಾತಿನಲ್ಲೇ ಬರೆದುಕೊಳ್ಳುವುದು ಮುಖ್ಯ. ‘ಅಡಿಕೆ, ರೋಗ ನಿಯಂತ್ರಣ’ ಎಂದಷ್ಟೇ ಬರೆದರೆ ಅವರು ಎಲ್ಲಿ ತಡವರಿಸಿದರು ಎಂಬುದು ವಾರದ ಕೊನೆಗೆ ಯಾರಿಗೂ ತಿಳಿಯದು.

ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚಿನ ಒಂದು ವಾರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವದು. ‘ಮೈಲುತುತ್ತು ಎಷ್ಟು ಹಾಕಬೇಕು?’, ‘ನೂರು ಲೀಟರಿಗೆ ಸುಣ್ಣ ಎಷ್ಟು?’, ‘ಅಡಿಕೆಗೆ ಬಿಡುವ ಮದ್ದಿನ ಅಳತೆ ಹೇಳಿ’ ಎಂದು ಮೂವರು ಕೇಳುತ್ತಾರೆ. ಪದಗಳನ್ನು ಎಣಿಸಿದರೆ ಇವು ಮೂರು ಬೇರೆ ಪ್ರಶ್ನೆಗಳು, ಬೇಕಾದ ಉತ್ತರ ಮಾತ್ರ ಒಂದೇ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ‘ಮದ್ದು ಬಿಟ್ಟ ಮೇಲೆ ಮಳೆ ಬಂತು’ ಮತ್ತು ‘ಮಳೆಯ ನಡುವೆ ಮದ್ದು ಬಿಡಬಹುದೇ?’ ಎಂಬೆರಡರಲ್ಲೂ ಮಳೆ, ಮದ್ದು ಎಂಬ ಪದಗಳೇ ಇವೆ. ಆದರೆ ಮೊದಲನೆಯವರು ಮತ್ತೆ ಸಿಂಪಡಿಸಬೇಕೇ ಎಂದು ಕೇಳುತ್ತಿದ್ದಾರೆ, ಎರಡನೆಯವರು ಕಾಯಬೇಕೇ ಎಂದು. ಒಂದೇ ಉತ್ತರ ಕೇಳಿ ಇಬ್ಬರೂ ತೋಟಕ್ಕೆ ಹೋಗಿ ಸರಿಯಾದ ಕೆಲಸ ಮಾಡುವಂತಿದ್ದರೆ ಮಾತ್ರ ಎರಡನ್ನೂ ಒಂದು ಗುಂಪಿಗೆ ಸೇರಿಸಬೇಕು. ಗುಂಪು ಮಾಡಲು ಇದಕ್ಕಿಂತ ನಂಬಿಕೆಯ ಅಳತೆಗೋಲಿಲ್ಲ.

ಎಣಿಸುವಾಗ ಕರೆಗಳ ಜೊತೆಗೆ ಕರೆ ಮಾಡಿದವರನ್ನೂ ಲೆಕ್ಕ ಹಾಕಬೇಕಾಗುತ್ತದೆ. ಒಬ್ಬರೇ ಐದು ಸಲ ಕೇಳಿದ್ದು ಐದು ಮಂದಿಯ ಪ್ರಶ್ನೆಯಲ್ಲ. ಆದರೆ ಉತ್ತರ ಪಡೆದವರೇ ಮರುದಿನ ಅದನ್ನೇ ಕೇಳಿದರೆ ಆ ಉತ್ತರ ಅರ್ಥವಾಗಿಲ್ಲ ಎಂದರ್ಥ. ಅದಕ್ಕೊಂದು ಗುರುತು ಹಾಕಿಡುವುದು ಒಳ್ಳೆಯದು.

ಅಳತೆಯ ಪ್ರಶ್ನೆಯೇ ಪಟ್ಟಿಯ ಮೇಲ್ತುದಿಗೆ ಬಂದಿತು ಎಂದಿಟ್ಟುಕೊಳ್ಳೋಣ. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು ಎಂದು ಕರಡು ಉತ್ತರ ಸಿದ್ಧವಾಗುತ್ತದೆ. ಮುಂದಿನ ವಾರ ಹೊಸ ಪ್ರಶ್ನೆಯೊಂದು ತಲೆ ಎತ್ತುತ್ತದೆ: ‘ಸುಣ್ಣ ಹಳೆಯದು, ಎಷ್ಟು ಹೆಚ್ಚು ಹಾಕಬೇಕು?’ ಗಾಳಿಗೆ ತೆರೆದಿಟ್ಟ ಸುಣ್ಣದ ಬಲ ಕುಂದುವುದರಿಂದ 1 ಕಿಲೋ ಎಂಬ ಲೆಕ್ಕ ಅಲ್ಲಿ ಸಾಲದು. ಹಾಗಾಗಿ ಹಳೆಯ ಉತ್ತರಕ್ಕೇ ಪರೀಕ್ಷೆಯೊಂದನ್ನು ಸೇರಿಸಬೇಕು: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಅದು ಕಾಣದಂತಾಗುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಬೇಕು. ಪ್ರಕಟವಾದ ಉತ್ತರದ ಸುತ್ತಲೇ ಹೊಸ ಪ್ರಶ್ನೆ ಹುಟ್ಟಿದರೆ ಪಟ್ಟಿಗೆ ಇನ್ನೊಂದು ಸಾಲು ಸೇರಿಸುವುದಕ್ಕಿಂತ ಆ ಉತ್ತರವನ್ನೇ ತಿದ್ದುವುದು ಮೇಲು. ಸಾಲು ಹೆಚ್ಚಿದಷ್ಟೂ ಪಟ್ಟಿಯಲ್ಲಿ ಹುಡುಕುವುದು ಕಷ್ಟ.

ಎಣಿಕೆಯೊಂದನ್ನೇ ನಂಬಿದರೆ ಅಪಾಯವೂ ಇದೆ. ‘ಮದ್ದು ಕಣ್ಣಿಗೆ ಸಿಡಿಯಿತು, ಏನು ಮಾಡಲಿ?’ ಎಂದು ಇಡೀ ವಾರದಲ್ಲಿ ಒಬ್ಬರೇ ಕೇಳಿರಬಹುದು. ಕೂಡಲೇ ಸಾಕಷ್ಟು ಶುದ್ಧ ನೀರಿನಲ್ಲಿ ಕಣ್ಣು ತೊಳೆದು ವೈದ್ಯರ ಬಳಿಗೆ ಹೋಗಬೇಕು ಎಂಬ ಉತ್ತರ, ಎಣಿಕೆ ಎಷ್ಟೇ ಇರಲಿ, ಪಟ್ಟಿಯ ಮೊದಲಲ್ಲೇ ಇರಬೇಕು.

ಕರಡು ಎಂಬ ಹಣೆಪಟ್ಟಿ ಬರಿಯ ಔಪಚಾರಿಕತೆಯಲ್ಲ. ಕರೆ ತೆಗೆದುಕೊಂಡವರು ಹೇಳಿದ ಉತ್ತರಗಳು ಒಂದಕ್ಕೊಂದು ಹೊಂದದೆ ಇರಬಹುದು. ಮಳೆ ಬಂದರೆ ಮತ್ತೆ ಸಿಂಪಡಿಸಿ ಎಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಹೇಳಿರುತ್ತಾರೆ. ಚೆನ್ನಾಗಿ ಒಣಗಿದ ದ್ರಾವಣ ಗೊನೆಗೆ ಅಂಟಿಕೊಳ್ಳುತ್ತದೆ, ಒಣಗುವ ಮೊದಲೇ ಜೋರು ಮಳೆ ಬಿದ್ದರೆ ತೊಳೆದುಹೋಗುತ್ತದೆ. ಇಬ್ಬರ ಮಾತೂ ಅರ್ಧ ಸರಿಯಾಗಿರುವ ಇಂಥ ಕಡೆ ಆ ಬೆಳೆಯ ತಜ್ಞರು ಷರತ್ತನ್ನು ಬಿಡಿಸಿ ಬರೆಯುವವರೆಗೆ ಉತ್ತರ ಹೊರಗೆ ಹೋಗಬಾರದು. ನೋಡಿದವರ ಹೆಸರು, ನೋಡಿದ ದಿನಾಂಕ ಪ್ರತಿ ಉತ್ತರದ ಕೆಳಗೆ ಇರಬೇಕು.

ತಿಂಗಳಿಗೊಮ್ಮೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಮೊದಲ ಸಿಂಪಡಣೆ ಮುಂಗಾರಿನ ಮುನ್ನ, ಎರಡನೆಯದು ಸುಮಾರು 40–45 ದಿನಗಳ ನಂತರ. ಹೀಗಾಗಿ ಅಳತೆಯ ಪ್ರಶ್ನೆ ಇಳಿಯುವ ಹೊತ್ತಿಗೆ ‘ಎರಡನೇ ಮದ್ದು ಯಾವಾಗ?’ ಎಂಬುದು ಏರಿರುತ್ತದೆ. ತಿಂಗಳು ಕಾದರೆ ಉತ್ತರ ಸಿದ್ಧವಾಗುವಷ್ಟರಲ್ಲಿ ಸಿಂಪಡಣೆಯೇ ಮುಗಿದಿರುತ್ತದೆ. ಯಾರೂ ಕೇಳದಂತಾದ ಪ್ರಶ್ನೆಯನ್ನು ಅಳಿಸಬೇಕಿಲ್ಲ. ಬೆಳೆ ಮತ್ತು ತಿಂಗಳಿನ ಹೆಸರಿನಲ್ಲಿ ತೆಗೆದಿಟ್ಟು, ಮುಂದಿನ ಮೇ ತಿಂಗಳಲ್ಲಿ ತಜ್ಞರಿಗೆ ಮತ್ತೊಮ್ಮೆ ತೋರಿಸಿ, ಮೊದಲ ಕರೆ ಬರುವ ಮುಂಚೆಯೇ ಹೊರಗೆ ಬಿಡಬಹುದು.